ವೈಫೈಗೆ ಹೆಸರು ಎರಡು, ನಡುವೆ ಗೋಡೆ ಇದೆಯೇ?

2017ರ ಜುಲೈ ಕೊನೆಯ ವಾರ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡಿದ್ದ ಸಾವಿರಾರು ಮನೆ, ಅಂಗಡಿಗಳಲ್ಲಿ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಸತ್ತವು. ತಂತಿ ಕಡಿದಿರಲಿಲ್ಲ, ಬಿಲ್ ಬಾಕಿ ಇರಲಿಲ್ಲ. ದುಷ್ಟ ತಂತ್ರಾಂಶವೊಂದು ಅಂತರ್ಜಾಲದಲ್ಲಿ ಅಲೆಯುತ್ತಾ, ಕಾರ್ಖಾನೆಯಿಂದ ಬಂದ `admin` ಎಂಬ ಪಾಸ್‌ವರ್ಡನ್ನೇ ಹಾಗೇ ಉಳಿಸಿಕೊಂಡಿದ್ದ ಮೋಡೆಮ್‌ಗಳನ್ನು ಹುಡುಕಿ ಒಳಹೊಕ್ಕು ಕೆಡಿಸಿತ್ತು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಲ್ಲಿ ಕೇಳಿಕೊಳ್ಳಬೇಕಾಯಿತು. ಆಗ ಕೇಳಿಬಂದ ಹೆಸರು ಬ್ರಿಕರ್‌ಬಾಟ್. ಉಪಕರಣದ ಒಳಗಿನ ನೆನಪನ್ನು ಅಳಿಸಿಹಾಕಿ, ಅದನ್ನು ಇಟ್ಟಿಗೆಯಷ್ಟೇ ಉಪಯುಕ್ತವಾಗಿಸುವುದು ಅದರ ಕೆಲಸ.

ಅದಕ್ಕೂ ಹಿಂದಿನ ವರ್ಷ, 2016ರ ಅಕ್ಟೋಬರ್ 21ರಂದು, ಅಮೆರಿಕದ ಡೈನ್ ಎಂಬ ಕಂಪನಿಯ ಮೇಲೆ ನಡೆದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ದಾಳಿಗೆ ದುಡಿದದ್ದು ದೊಡ್ಡ ಕಂಪ್ಯೂಟರ್‌ಗಳಲ್ಲ. ಮಿರಾಯ್ ಎಂಬ ತಂತ್ರಾಂಶ ಹಿಡಿದುಕೊಂಡಿದ್ದ ಮನೆ ಮನೆಯ ಸಿಸಿಟಿವಿ ಕ್ಯಾಮೆರಾ, ಅದರ ರೆಕಾರ್ಡಿಂಗ್ ಡಬ್ಬಿ, ರೂಟರ್‌ಗಳು. ಮಿರಾಯ್ ಬಳಿ ಇದ್ದ ಅಸ್ತ್ರವೆಂದರೆ ಅರವತ್ತರ ಆಸುಪಾಸಿನ ಯೂಸರ್‌ನೇಮ್–ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ ಮಾತ್ರ. ಅದನ್ನು ಬರೆದ ಮೂವರು ಯುವಕರು 2017ರಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಅಷ್ಟರಲ್ಲಿ ಅದರ ಕೋಡ್ ಎಲ್ಲರ ಕೈಗೂ ಸಿಕ್ಕಾಗಿತ್ತು. ಅದರ ಮರಿಮಕ್ಕಳು ಇವತ್ತಿಗೂ ಓಡಾಡಿಕೊಂಡಿವೆ.

ಎರಡೂ ಕತೆಯಲ್ಲಿ ಸಿಕ್ಕಿಬಿದ್ದದ್ದು ಮನೆಯ ಮೂಲೆಯಲ್ಲಿ ದೀಪ ಮಿನುಗಿಸುತ್ತಾ ಕೂತಿರುವ, ಯಾರೂ ತಿರುಗಿ ನೋಡದ ಸಾಮಾನು. ಅಂಥ ಸಾಮಾನು ಈಗ ಎಲ್ಲಿ ಹೆಚ್ಚುತ್ತಿದೆ ಎಂದು ನೋಡಬೇಕಾದರೆ ಕಾಡುಗೋಡಿ ದಾಟಿ ಹೊಸಕೋಟೆ ಕಡೆಗೆ ಹೊರಟರಾಯಿತು. ಸಮೇತನಹಳ್ಳಿ ಹೊಸಕೋಟೆ ತಾಲ್ಲೂಕಿನ ಊರೇ ಆದರೂ ವೈಟ್‌ಫೀಲ್ಡ್‌ನ ಬೆಳವಣಿಗೆ ಅದರ ಮನೆಬಾಗಿಲಿಗೇ ಬಂದಿದೆ. ಒಂದು ಕಡೆ ತರಕಾರಿ ಹೊಲ, ಹಸು, ಬೋರ್‌ವೆಲ್. ಇನ್ನೊಂದು ಕಡೆ ಗೇಟು ಹಾಕಿದ ಲೇಔಟು, ವಿಲ್ಲಾ. ನಡುವೆ ಹಳೇ ಮನೆ ಒಡೆದು ಕಟ್ಟಿದ, ಮೇಲೊಂದು ಬಾಡಿಗೆ ಮನೆ ಇರುವ ಎರಡಂತಸ್ತು. ಈ ಲೇಖನಕ್ಕೆ ಬೇಕಾದದ್ದು ಈ ಮೂರನೆಯ ಬಗೆಯ ಮನೆ. ಇಲ್ಲಿ ವರ್ಣಿಸುವ ಮನೆಯನ್ನು ಒಂದು ಮಾದರಿ ಎಂದೇ ಇಟ್ಟುಕೊಳ್ಳಿ. ಆ ಸುತ್ತಿನಲ್ಲಿ ಯಾವ ಬೀದಿಗೆ ಹೋದರೂ ಇಂಥದ್ದೊಂದು ಸಿಗುತ್ತದೆ.

ಹಾಲ್‌ನಲ್ಲಿ ಟೀವಿ ಪಕ್ಕದ ಗೋಡೆಗೆ ಕೇಬಲ್‌ನವರು ಹೊಡೆದು ಹೋದ ಫೈಬರ್ ಮೋಡೆಮ್. ಅದರ ಹಿಂದಿನ ಒಂದು ಪೋರ್ಟ್‌ನಿಂದ ಹೊರಟ ವೈರು ಲಾಫ್ಟ್‌ನಲ್ಲಿರುವ ಡಿವಿಆರ್‌ಗೆ. ಡಿವಿಆರ್‌ನಿಂದ ಗೇಟು, ಅಂಗಳ, ಕೊಟ್ಟಿಗೆ, ಮಹಡಿ ಮೆಟ್ಟಿಲಿಗೆ ನಾಲ್ಕು ಕ್ಯಾಮೆರಾ. ವೈಫೈನಲ್ಲಿ ಟೀವಿ, ಸಂಪಿನ ಮೋಟರ್‌ಗೆ ಹಾಕಿದ ಸ್ಮಾರ್ಟ್ ಸ್ವಿಚ್, ಗೀಸರ್‌ನ ಸ್ಮಾರ್ಟ್ ಪ್ಲಗ್, ಎರಡು ಬಲ್ಬ್. ಮನೆಯಿಂದಲೇ ಕೆಲಸ ಮಾಡುವ ಸೊಸೆಯ ಆಫೀಸ್ ಲ್ಯಾಪ್‌ಟಾಪ್, ಎಲ್ಲರ ಮೊಬೈಲು, ಮಗುವಿನ ಟ್ಯಾಬ್, ಒಂದು ಪ್ರಿಂಟರ್. ಮೇಲಿನ ಬಾಡಿಗೆಯವರಿಗೂ ಇದೇ ಪಾಸ್‌ವರ್ಡ್ ಕೊಟ್ಟಾಗಿದೆ. ಊರಹಬ್ಬಕ್ಕೆ ಬಂದ ನೆಂಟರ ಮಕ್ಕಳಿಗೂ ಕೊಟ್ಟಾಗಿದೆ. ಎಲ್ಲವೂ ಒಂದೇ ಜಾಲ.

ಇದರಿಂದ ಆಗುವ ತೊಂದರೆ ಮೊದಲು ಕಾಣುವುದು ಭದ್ರತೆಯಲ್ಲಲ್ಲ, ಜಗಳದಲ್ಲಿ. "ಅತ್ತೆ, ಹನ್ನೊಂದಕ್ಕೆ ಮೀಟಿಂಗ್ ಇದೆ, ಸ್ವಲ್ಪ ಹೊತ್ತು ಟೀವಿ ಆಫ್ ಮಾಡ್ತೀರಾ?" "ಮಾಡ್ತೀನಮ್ಮ. ಆದ್ರೆ ನಿನ್ನೆ ಟೀವಿ ಹಾಕೇ ಇರ್ಲಿಲ್ಲ, ಆಗ್ಲೂ ನಿಂದು ನಿಂತೋಯ್ತಲ್ಲ?" ಅತ್ತೆಯ ಅನುಮಾನ ಸರಿಯಾಗಿಯೇ ಇದೆ. ಮೀಟಿಂಗ್ ನಿಲ್ಲಲು ಟೀವಿಯೇ ಬೇಕಿಲ್ಲ.

ಕೇಬಲ್‌ನ ಹುಡುಗನನ್ನು ಕರೆದರೆ ಅವನು ಐದೇ ನಿಮಿಷದಲ್ಲಿ ಮೋಡೆಮ್‌ನ ಪುಟ ತೆರೆದು ಎರಡನೇ ವೈಫೈ ಹೆಸರೊಂದನ್ನು ಎಬ್ಬಿಸಿ, "ಅಣ್ಣ, ಗೆಸ್ಟ್‌ಗೆ ಬೇರೆ ಮಾಡ್ಕೊಟ್ಟಿದ್ದೀನಿ, ಇನ್ನೇನೂ ತೊಂದ್ರೆ ಇಲ್ಲ" ಎಂದು ಹೋಗುತ್ತಾನೆ. ಹೆಸರೇನೋ ಎರಡಾಯಿತು. ಆದರೆ ನಮ್ಮಲ್ಲಿ ಕೊಡುವ ಎಷ್ಟೋ ಫೈಬರ್ ಮೋಡೆಮ್‌ಗಳಲ್ಲಿ `SSID2` ಎಂದು ಎಬ್ಬಿಸುವ ಹೆಸರು ಬರೀ ಇನ್ನೊಂದು ಬಾಗಿಲು. ಎರಡೂ ಬಾಗಿಲಿನಿಂದ ಒಳಬಂದವರು ಸೇರುವುದು ಅದೇ ಹಾಲ್‌ಗೆ, ನಡುವೆ ಗೋಡೆಯಿಲ್ಲ. ಗೋಡೆ ಬೇಕಾದರೆ ಆ ಪುಟದಲ್ಲಿ `Guest Network`, `SSID Isolation` ಅಥವಾ `AP Isolation` ಎಂಬ ಆಯ್ಕೆ ಇದ್ದು ಅದು ಚಾಲೂ ಆಗಿರಬೇಕು. ಇದ್ದರೂ ಅದು ಹೇಳಿದಂತೆ ನಡೆಯುತ್ತದೆಂಬ ಖಾತರಿಯಿಲ್ಲ, ಪರೀಕ್ಷೆ ಮಾಡಿಯೇ ನಂಬಬೇಕು.

ಪರೀಕ್ಷೆ ಸುಲಭ. ಮೊದಲು ಮುಖ್ಯ ವೈಫೈನಲ್ಲಿದ್ದುಕೊಂಡು ಪ್ರಿಂಟರ್ ಮತ್ತು ಡಿವಿಆರ್‌ನ ವಿಳಾಸ ತಿಳಿದುಕೊಳ್ಳಿ. ಮೋಡೆಮ್‌ನ ಪುಟದಲ್ಲಿ, ಸಾಮಾನ್ಯವಾಗಿ `192.168.1.1`ರಲ್ಲಿ, ಈಗ ಸೇರಿಕೊಂಡಿರುವ ಉಪಕರಣಗಳ ಪಟ್ಟಿ ಇರುತ್ತದೆ. ನಮ್ಮ ಮಾದರಿ ಮನೆಯಲ್ಲಿ ಡಿವಿಆರ್ `192.168.1.64`ರಲ್ಲಿದೆ ಎನ್ನೋಣ. ಈಗ ಒಂದು ಮೊಬೈಲನ್ನು ಗೆಸ್ಟ್ ಹೆಸರಿಗೆ ಸೇರಿಸಿ, ಸಿಮ್‌ನ ಡೇಟಾ ಆಫ್ ಮಾಡಿ, ಬ್ರೌಸರ್‌ನಲ್ಲಿ ಆ ವಿಳಾಸ ಬರೆಯಿರಿ. ಡಿವಿಆರ್‌ನ ಲಾಗಿನ್ ಪುಟ ತೆರೆದುಕೊಂಡರೆ ಗೋಡೆ ಇಲ್ಲವೆಂದೇ ಅರ್ಥ. ಬಾಡಿಗೆಯವರ ಮೊಬೈಲಿನಲ್ಲಿ ಯಾವುದೋ ಕೆಟ್ಟ ಆ್ಯಪ್ ಇದ್ದರೆ ಅದಕ್ಕೂ ಆ ಪುಟ ಹೀಗೆಯೇ ತೆರೆದುಕೊಳ್ಳುತ್ತದೆ.

ಇದೇ ಪಟ್ಟಿಯನ್ನು ನೋಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಹತ್ತು ಸಾಮಾನು ಇದೆ ಎಂದುಕೊಂಡವರ ಪಟ್ಟಿಯಲ್ಲಿ ಇಪ್ಪತ್ತು ಹೆಸರಿರುತ್ತವೆ. ಅರ್ಧಕ್ಕರ್ಧ `ESP_` ಎಂದು ಶುರುವಾಗುವ, ತಲೆಬುಡ ತಿಳಿಯದ ಹೆಸರುಗಳು. ಹೆದರಬೇಕಿಲ್ಲ, ಅಗ್ಗದ ಬಲ್ಬ್, ಪ್ಲಗ್‌ಗಳೊಳಗೆ ಹೆಚ್ಚಾಗಿ ಬಳಸುವ ಚಿಪ್ ಒಂದರ ಹೆಸರು ಅದು. ಒಂದೊಂದೇ ಸ್ವಿಚ್ ಆಫ್ ಮಾಡುತ್ತಾ ಯಾವ ಹೆಸರು ಪಟ್ಟಿಯಿಂದ ಮಾಯವಾಯಿತೆಂದು ನೋಡಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ. ಕೊನೆಗೂ ಯಾರದೆಂದು ತಿಳಿಯದೆ ಉಳಿದ ಹೆಸರು ಬಹಳ ಸಲ ಪಕ್ಕದ ಮನೆಯವರದ್ದೇ ಆಗಿರುತ್ತದೆ.

ಇನ್ನು ಡಿವಿಆರ್. ಗೆಸ್ಟ್ ನೆಟ್‌ವರ್ಕ್ ಬಗ್ಗೆ ಬರುವ ಸಲಹೆಗಳಲ್ಲಿ ಹೆಚ್ಚಿನವು ಬಲ್ಬ್, ಸ್ಪೀಕರ್‌ಗಳ ಮಾತಾಡಿ ಮುಗಿಸುತ್ತವೆ. ನಮ್ಮ ಮನೆಗಳಲ್ಲಿ ನಿಜವಾದ ಅಪಾಯದ ಸಾಮಾನು ಡಿವಿಆರ್, ಮತ್ತು ಅದು ವೈಫೈನಲ್ಲೇ ಇಲ್ಲ. ವೈರಿನಲ್ಲಿ ನೇರ ಮೋಡೆಮ್‌ಗೆ ಸೇರಿದೆ. ಸಾಮಾನ್ಯ ರೂಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬುದು ವೈಫೈಗೆ ಮಾತ್ರ ಸಂಬಂಧಪಟ್ಟದ್ದು. ಹಿಂದಿನ ಪೋರ್ಟ್‌ಗಳೆಲ್ಲ ಮುಖ್ಯ ಜಾಲದಲ್ಲೇ ಉಳಿಯುತ್ತವೆ. ಬಲ್ಬುಗಳನ್ನೆಲ್ಲ ಕಷ್ಟಪಟ್ಟು ಗೆಸ್ಟ್‌ಗೆ ಸಾಗಿಸಿದ ಮೇಲೂ ಡಿವಿಆರ್ ಮಾತ್ರ ಆಫೀಸ್ ಲ್ಯಾಪ್‌ಟಾಪ್‌ನ ಪಕ್ಕದಲ್ಲೇ ಕೂತಿರುತ್ತದೆ. ಅದನ್ನು ಹಾಕಿಕೊಟ್ಟವರು ಇಟ್ಟ ಪಾಸ್‌ವರ್ಡ್ ಆ ಅಂಗಡಿಯವರು ಹಾಕಿದ ಎಲ್ಲ ಮನೆಗಳಲ್ಲೂ ಒಂದೇ ಆಗಿರುವ ಸಂಭವ ಹೆಚ್ಚು. ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವೆಂದು ಕೇಂದ್ರ ಸರ್ಕಾರ ನಿಯಮ ತಂದಿದೆ, 2025ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಆದರೆ ಅದು ಹೊಸದಾಗಿ ಮಾರುವ ಮಾಲಿಗೆ. ಲಾಫ್ಟ್‌ನಲ್ಲಿ ಏಳೆಂಟು ವರ್ಷದಿಂದ ಧೂಳು ತಿನ್ನುತ್ತಿರುವ ಡಬ್ಬಿಗೆ ಅದರಿಂದ ಪ್ರಯೋಜನವಿಲ್ಲ.

ಒಂದು ಸಮಾಧಾನದ ಮಾತನ್ನೂ ಹೇಳಬೇಕು. ಸಣ್ಣ ಪೂರೈಕೆದಾರರು ಈಗ ಒಂದು ಸಾರ್ವಜನಿಕ ವಿಳಾಸವನ್ನು ನೂರಾರು ಮನೆಗಳಿಗೆ ಹಂಚಿಕೊಡುವುದರಿಂದ, ಹೊರಗಿನಿಂದ ಯಾರೋ ನೇರವಾಗಿ ನಿಮ್ಮ ಡಿವಿಆರ್‌ನ ಬಾಗಿಲು ಬಡಿಯುವುದು 2016ರಷ್ಟು ಸಲೀಸಲ್ಲ. ಈಗಿನ ದಾರಿ ಬಹುಪಾಲು ಒಳಗಿನದು. ಕೆಟ್ಟ ಆ್ಯಪ್ ಹಾಕಿಕೊಂಡ ಯಾರದೋ ಮೊಬೈಲು, ಸೋರಿಹೋದ ಕ್ಯಾಮೆರಾ ಖಾತೆಯ ಪಾಸ್‌ವರ್ಡ್, ಅಗ್ಗದ ಟೀವಿ ಬಾಕ್ಸ್‌ನೊಳಗೆ ಮೊದಲೇ ಕೂತು ಬಂದ ತಂತ್ರಾಂಶ. ಗೋಡೆ ಕೆಲಸಕ್ಕೆ ಬರುವುದು ಇಂಥ ಒಳಗಿನ ದಾರಿಗೆ.

ಗೋಡೆ ಕಟ್ಟುವ ಬಗೆ ಹೇಗೆ? ಮೋಡೆಮ್ ಒಂದನ್ನೇ ನಂಬಿ ಮಾಡುವುದಾದರೆ, ಪರೀಕ್ಷೆಯಲ್ಲಿ ಪಾಸಾದ ಗೆಸ್ಟ್ ನೆಟ್‌ವರ್ಕ್‌ಗೆ ಬಲ್ಬು, ಪ್ಲಗ್ಗು, ನೆಂಟರು ಎಲ್ಲರನ್ನೂ ಸೇರಿಸಬಹುದು. ಅಲ್ಲಿ ಒಬ್ಬರನ್ನೊಬ್ಬರು ನೋಡದಂತೆ ತಡೆ ಇದ್ದರೆ ಬಲ್ಬಿಗೆ ನೆಂಟರಿಂದ, ನೆಂಟರಿಗೆ ಬಲ್ಬಿನಿಂದ ಕಾಟವಿಲ್ಲ. ಆದರೆ ಡಿವಿಆರ್‌ನ ಪ್ರಶ್ನೆ ಬಗೆಹರಿಯಲಿಲ್ಲ. ಅದಕ್ಕೆ ನನಗೆ ಸರಿಕಂಡದ್ದು ಎರಡನೇ ರೂಟರ್‌ನ ದಾರಿ. ಎರಡು ಬ್ಯಾಂಡ್‌ನ ಸಾಧಾರಣ ರೂಟರ್ ಒಂದೂವರೆ, ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಹಳೆಯದೊಂದು ಮನೆಯಲ್ಲೇ ಬಿದ್ದಿದ್ದರೆ ಖರ್ಚೂ ಇಲ್ಲ.

ಈ ಹಂತದಲ್ಲೇ ಬಹಳ ಜನ ಎಡವುತ್ತಾರೆ. ಮೊದಲ ಯೋಚನೆಗೆ ಹೊಳೆಯುವುದು, 'ಅಪಾಯದ ಸಾಮಾನನ್ನೆಲ್ಲ ಹೊಸ ರೂಟರ್‌ಗೆ ಹಾಕೋಣ, ನಾವು ಹಳೇ ಮೋಡೆಮ್‌ನಲ್ಲೇ ಇರೋಣ' ಎಂಬುದು. ಅದು ಪೂರಾ ಉಲ್ಟಾ. ಮೋಡೆಮ್‌ನ ಪೋರ್ಟ್‌ನಿಂದ ವೈರು ತಂದು ಎರಡನೇ ರೂಟರ್‌ನ `WAN` ಪೋರ್ಟ್‌ಗೆ ಚುಚ್ಚಿದಾಗ, ಆ ರೂಟರ್ ತನ್ನ ಒಳಗಿನವರನ್ನು ಹೊರಗಿನವರಿಂದ ಮರೆಮಾಡುತ್ತದೆ. ಒಳಗಿನವರು ಹೊರಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಹೊರಗಿನವರು ತಾವಾಗಿ ಒಳಬರಲಾರರು. ರೂಟರ್‌ನ ಲೆಕ್ಕದಲ್ಲಿ ಹೊರಗು ಎಂದರೆ ಅಂತರ್ಜಾಲ ಮಾತ್ರವಲ್ಲ, ಮೋಡೆಮ್‌ಗೆ ಸೇರಿದ ಎಲ್ಲವೂ. ಹಾಗಾಗಿ ಡಿವಿಆರ್ ಒಳಗಿದ್ದು ಲ್ಯಾಪ್‌ಟಾಪ್ ಮೋಡೆಮ್‌ನಲ್ಲಿದ್ದರೆ, ಡಿವಿಆರ್‌ಗೆ ಲ್ಯಾಪ್‌ಟಾಪ್ ಸಲೀಸಾಗಿ ಸಿಗುತ್ತದೆ, ಲ್ಯಾಪ್‌ಟಾಪ್‌ಗೆ ಡಿವಿಆರ್ ಸಿಗುವುದಿಲ್ಲ. ಕಾಯಬೇಕಾದವರು ಒಳಗೆ, ಅನುಮಾನದ ಸಾಮಾನು ಹೊರಗೆ. ಅಂದರೆ ಸಾಮಾನುಗಳು ಮೋಡೆಮ್‌ನಲ್ಲಿ, ಮನೆಯವರು ಹೊಸ ರೂಟರ್‌ನಲ್ಲಿ.

ಈ ಕ್ರಮದಿಂದ ಇನ್ನೊಂದು ಅನುಕೂಲವೂ ಆಗುತ್ತದೆ. ಬಲ್ಬು, ಪ್ಲಗ್ಗು, ಟೀವಿ ಎಲ್ಲಕ್ಕೂ ಹಳೇ ವೈಫೈ ಹೆಸರು ಮೊದಲೇ ಗೊತ್ತು. ಮೋಡೆಮ್‌ನಲ್ಲಿ ಆ ಹೆಸರನ್ನು ಹಾಗೇ ಬಿಟ್ಟರೆ ಒಂದನ್ನೂ ಮತ್ತೆ ಸೆಟ್ ಮಾಡಬೇಕಿಲ್ಲ. ಹೊಸ ರೂಟರ್‌ಗೆ ಹೊಸ ಹೆಸರು ಕೊಟ್ಟು ಮನೆಯ ಮೊಬೈಲು, ಲ್ಯಾಪ್‌ಟಾಪ್, ಟ್ಯಾಬ್, ಪ್ರಿಂಟರ್ ಸಾಗಿಸಿದರೆ ಸಾಕು, ಒಂದು ಸಂಜೆಯ ಕೆಲಸ. ಇದರ ಒಂದು ಕೊರತೆಯೆಂದರೆ ಹಳೇ ಪಾಸ್‌ವರ್ಡ್ ಊರಿಗೆಲ್ಲ ಗೊತ್ತು. ಅದನ್ನು ಹಾಗೇ ಬಿಟ್ಟರೆ ಪಕ್ಕದ ಮನೆಯವರೂ ನಿಮ್ಮ ಸಾಮಾನುಗಳ ಜೊತೆಗೇ ಇರುತ್ತಾರೆ. ಮೊದಲು ಮನೆಯವರನ್ನು ಸಾಗಿಸಿ, ಒಂದು ವಾರ ಎಲ್ಲ ಸರಿಯಾಗಿ ನಡೆದ ಮೇಲೆ ಹಳೇ ಪಾಸ್‌ವರ್ಡನ್ನೂ ಬದಲಿಸುವುದು ಒಳ್ಳೆಯದು. ಆಗ ನಾಲ್ಕಾರು ಸಾಮಾನನ್ನು ಮತ್ತೆ ಸೆಟ್ ಮಾಡುವ ತಾಪತ್ರಯ ತಪ್ಪುವುದಿಲ್ಲ, ಆದರೆ ಆ ಹೊತ್ತಿಗೆ ಯಾರ ಮೀಟಿಂಗೂ ನಿಲ್ಲುವುದಿಲ್ಲ.

ಹೊಸ ರೂಟರ್‌ನಲ್ಲಿ ಗಮನಿಸಬೇಕಾದದ್ದು ಕೆಲವೇ. ಅದರ ಒಳಗಿನ ವಿಳಾಸ ಮೋಡೆಮ್‌ನದಕ್ಕಿಂತ ಬೇರೆಯಾಗಿರಬೇಕು. ಮೋಡೆಮ್ `192.168.1.1` ಆದರೆ ರೂಟರನ್ನು `192.168.50.1` ಮಾಡಿ. ಎರಡೂ ಒಂದೇ ಇದ್ದರೆ ಯಾವ ಕಡೆ ಹೋಗಬೇಕೆಂದು ತಿಳಿಯದೆ ಇಂಟರ್ನೆಟ್ಟೇ ಬರುವುದಿಲ್ಲ, ಅಂಗಡಿಯವನು ರೂಟರ್ ಕೆಟ್ಟಿದೆ ಎಂದು ಬದಲಿಸಿಕೊಡುತ್ತಾನೆ. `Access Point` ಮೋಡ್‌ನಲ್ಲಿ ಹಾಕಬೇಡಿ, ಆ ಮೋಡ್‌ನಲ್ಲಿ ಗೋಡೆಯೇ ಇರುವುದಿಲ್ಲ. ವೈರು `LAN` ಪೋರ್ಟ್‌ಗೆ ಹೋದರೂ ಅದೇ ಗತಿ. `Remote Management` ಮತ್ತು `WPS` ಆಫ್. ಮೋಡೆಮ್‌ನಲ್ಲಿ `UPnP` ಆಫ್, ಏಕೆಂದರೆ ಡಿವಿಆರ್ ತಾನೇ ಮೋಡೆಮ್‌ಗೆ ಹೇಳಿ ಹೊರಗಿನವರಿಗೆ ಬಾಗಿಲು ತೆರೆಸಿಕೊಳ್ಳುವುದು ಇದರ ಮೂಲಕ. ಆಮೇಲೆ ಮೋಡೆಮ್‌ನ, ರೂಟರ್‌ನ, ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್, ಮೂರೂ ಬೇರೆ ಬೇರೆ.

ಎಲ್ಲ ಆದ ಮೇಲೆ ಮತ್ತೆ ಪರೀಕ್ಷೆ. ಒಳಗಿರುವ ಪ್ರಿಂಟರ್ `192.168.50.20`ರಲ್ಲಿದೆ ಎನ್ನೋಣ. ಲ್ಯಾಪ್‌ಟಾಪ್ ಒಂದನ್ನು ಹಳೇ ವೈಫೈಗೆ ಸೇರಿಸಿ, ಒಳಗಿನ ರೂಟರನ್ನೂ ಆ ಪ್ರಿಂಟರನ್ನೂ ಕೂಗಿ ನೋಡಿ:

```
ping 192.168.50.1
ping 192.168.50.20
```

ಉತ್ತರ ಬರಬಾರದು. ಈಗ ಲ್ಯಾಪ್‌ಟಾಪನ್ನು ಹೊಸ ವೈಫೈಗೆ ತಂದು ಅದೇ ಪ್ರಿಂಟರನ್ನೂ, ಹೊರಗಿನ ಡಿವಿಆರನ್ನೂ ಕೂಗಿ. ಎರಡೂ ಉತ್ತರಿಸಬೇಕು. ಗುರಿಗೆ ಪ್ರಿಂಟರನ್ನೇ ಆರಿಸಿದ್ದಕ್ಕೆ ಕಾರಣವಿದೆ. ವಿಂಡೋಸ್ ಲ್ಯಾಪ್‌ಟಾಪ್‌ಗಳು ತಮ್ಮದೇ ಫೈರ್‌ವಾಲ್‌ನಿಂದಾಗಿ ಪಕ್ಕದಲ್ಲಿದ್ದವರ ಪಿಂಗ್‌ಗೂ ಎಷ್ಟೋ ಸಲ ಓಗೊಡುವುದಿಲ್ಲ. ಅವುಗಳ ಮೌನವನ್ನು ನೋಡಿ ಗೋಡೆ ಇದೆ ಎಂದುಕೊಂಡರೆ ಮೋಸ ಹೋಗುತ್ತೀರಿ. ಒಳಗಿನಿಂದ ಕೂಗಿದಾಗ ಓಗೊಟ್ಟದ್ದು, ಹೊರಗಿನಿಂದ ಕೂಗಿದಾಗ ಸುಮ್ಮನಿದ್ದರೆ ಮಾತ್ರ ಅದು ಪುರಾವೆ.

ನೆಂಟರಿಗೆ ಎಲ್ಲಿ ಜಾಗ? ಹೊಸ ರೂಟರ್‌ನಲ್ಲೇ `Guest Network` ಎಬ್ಬಿಸಬಹುದು. ಅದು ನೆಂಟರನ್ನು ಮನೆಯವರ ಲ್ಯಾಪ್‌ಟಾಪ್‌ನಿಂದ ದೂರ ಇಡುತ್ತದೆ. ಆದರೆ ಮೇಲೆ ಹೇಳಿದ ನಿಯಮವನ್ನು ನೆನೆಸಿಕೊಳ್ಳಿ: ಒಳಗಿನವರು ಹೊರಗೆ ಹೋಗಬಹುದು. ರೂಟರ್‌ಗೆ ಮೋಡೆಮ್ ಕಡೆಯದೆಲ್ಲ ಹೊರಗು. ಹಾಗಾಗಿ ಗೆಸ್ಟ್‌ನಲ್ಲಿರುವ ಮೊಬೈಲು `192.168.1.64` ಎಂದು ಬರೆದರೆ ಬಹಳಷ್ಟು ರೂಟರ್‌ಗಳಲ್ಲಿ ಡಿವಿಆರ್ ಪುಟ ತೆರೆದುಕೊಳ್ಳುತ್ತದೆ. ಸ್ವಲ್ಪ ಮೇಲ್ಮಟ್ಟದ ರೂಟರ್‌ಗಳಲ್ಲಿ ಗೆಸ್ಟ್‌ನಿಂದ `192.168.1.0/24`ಕ್ಕೆ ಹೋಗುವುದನ್ನೆಲ್ಲ ತಡೆಯುವ ನಿಯಮ ಬರೆಯಬಹುದು. ಅದಿಲ್ಲದಿದ್ದರೆ ಡಿವಿಆರ್‌ನ ಪಾಸ್‌ವರ್ಡೇ ಕೊನೆಯ ತಡೆ. ಇನ್ನೂ ಗಟ್ಟಿ ಬೇಕೆನ್ನುವವರಿಗೆ ಮೂರು ಡಬ್ಬಿಯ ಏರ್ಪಾಡಿದೆ. ಮೋಡೆಮ್‌ನಲ್ಲಿ ಯಾರೂ ಇಲ್ಲ, ಅದರ ಎರಡು ಪೋರ್ಟ್‌ಗೆ ಎರಡು ರೂಟರ್, ಒಂದರಲ್ಲಿ ಮನೆಯವರು, ಇನ್ನೊಂದರಲ್ಲಿ ಸಾಮಾನು. ಎರಡೂ ಒಂದಕ್ಕೊಂದು ಹೊರಗು. ಒಂದೇ ಡಬ್ಬಿಯಲ್ಲಿ ಮೂರ್ನಾಲ್ಕು ಕೋಣೆ ಮಾಡುವ, ಪೋರ್ಟ್ ಪೋರ್ಟಿಗೂ ಬೇರೆ ಜಾಲ ಕೊಡುವ ರೂಟರ್‌ಗಳೂ ಇವೆ. ವೈಟ್‌ಫೀಲ್ಡ್‌ನ ಆಫೀಸ್‌ಗಳಲ್ಲಿ ಅದೇ ಕೆಲಸ ಮಾಡುವವರು ಸಮೇತನಹಳ್ಳಿಯ ಲೇಔಟುಗಳಲ್ಲೇ ವಾಸವಿರುವುದರಿಂದ ಕೇಳಿ ಮಾಡಿಸಿಕೊಳ್ಳುವುದು ಅಲ್ಲಿ ಕಷ್ಟವಾಗಲಾರದು.

ಬಾಡಿಗೆಯವರನ್ನು ನೆಂಟರ ಜೊತೆ ಸೇರಿಸಬಾರದು ಎನ್ನುವುದು ನನ್ನ ಅಭಿಪ್ರಾಯ. ನೆಂಟರು ಹಬ್ಬ ಮುಗಿಸಿ ಹೋಗುತ್ತಾರೆ. ಬಾಡಿಗೆಯವರಿಗೆ ತಮ್ಮದೇ ಟೀವಿ, ತಮ್ಮದೇ ಪ್ರಿಂಟರ್ ಇರುತ್ತದೆ, ಅವರಿಗೆ ಅವರದೇ ಸಂಪರ್ಕ ಇರುವುದು ಮೇಲು. ಒಬ್ಬರ ಹೆಸರಿನ ಸಂಪರ್ಕದಲ್ಲಿ ಇನ್ನೊಂದು ಸಂಸಾರ ನಡೆದರೆ, ನಾಳೆ ಪೊಲೀಸರು ವಿಳಾಸ ಹಿಡಿದು ಬಂದಾಗ ಮೊದಲು ನಿಲ್ಲುವುದು ಮಾಲೀಕರ ಬಾಗಿಲಲ್ಲಿ.

ಈಗ ಮೀಟಿಂಗ್‌ನ ಮಾತಿಗೆ ಬರೋಣ. ಜಾಲ ಬೇರೆ ಮಾಡಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ಅರ್ಧ ನಿಜ. ಗೋಡೆ ಕಟ್ಟಿದ ಮಾತ್ರಕ್ಕೆ ಗಾಳಿ ಹೆಚ್ಚಾಗುವುದಿಲ್ಲ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು, ಹೆಸರು ಎಷ್ಟೇ ಇರಲಿ. ಹೆಸರು ಹೆಚ್ಚಿದಷ್ಟೂ ನಷ್ಟವೇ. ಪ್ರತಿ ವೈಫೈ ಹೆಸರೂ ಸೆಕೆಂಡಿಗೆ ಸುಮಾರು ಹತ್ತು ಸಲ 'ನಾನಿದ್ದೇನೆ' ಎಂದು ಕೂಗುತ್ತಿರುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಈ ಕೂಗನ್ನು ಹಳೇ ಉಪಕರಣಗಳಿಗೂ ಕೇಳಲೆಂದು ತೀರ ನಿಧಾನವಾದ, 1 ಎಂಬಿಪಿಎಸ್ ವೇಗದಲ್ಲಿ ಕೂಗುವ ರೂಟರ್‌ಗಳೇ ಹೆಚ್ಚು. ಒಂದು ಕೂಗು 300 ಬೈಟ್ ಎಂದರೆ ಎರಡೂವರೆ ಮಿಲಿಸೆಕೆಂಡ್‌ನಷ್ಟು. ಸೆಕೆಂಡಿಗೆ ಹತ್ತಾದರೆ 25 ಮಿಲಿಸೆಕೆಂಡ್, ಅಂದರೆ ಆ ಚಾನೆಲ್‌ನ ಸಮಯದ ಶೇ 2.5. ಮೋಡೆಮ್‌ನಲ್ಲಿ ನಾಲ್ಕು ಹೆಸರು ಎಬ್ಬಿಸಿದರೆ ಯಾರೂ ಏನೂ ಮಾಡದಿದ್ದರೂ ಹತ್ತರಲ್ಲೊಂದು ಪಾಲು ಹೋಯಿತು. ಅಕ್ಕಪಕ್ಕದ ಮನೆಯವರೂ ಅದೇ ಚಾನೆಲ್‌ನಲ್ಲಿದ್ದರೆ ಅವರ ಕೂಗೂ ಸೇರುತ್ತದೆ. ಹೆಸರುಗಳನ್ನು ಎರಡು ಮೂರಕ್ಕೆ ನಿಲ್ಲಿಸಿ ಎನ್ನುವುದು ಇದಕ್ಕೇ.

ಹೊರೆ ನಿಜವಾಗಿ ಇಳಿಯುವುದು ಮನೆಯವರನ್ನು ಬೇರೆ ಗಾಳಿಗೆ ಸಾಗಿಸಿದಾಗ. ಬಲ್ಬು, ಪ್ಲಗ್ಗು, ಅಗ್ಗದ ಕ್ಯಾಮೆರಾಗಳಿಗೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ. ಅವುಗಳಲ್ಲಿ ಒಂದು ಸಂಪಿನ ಪಕ್ಕ, ಎರಡು ಗೋಡೆಯಾಚೆ ಇದ್ದರೆ 6 ಎಂಬಿಪಿಎಸ್‌ನಂಥ ವೇಗಕ್ಕೆ ಇಳಿದು ತೊದಲುತ್ತದೆ. 60ರಲ್ಲಿ ಮಾತಾಡುವ ಮೊಬೈಲಿಗಿಂತ ಅದೇ ಮಾತಿಗೆ ಹತ್ತು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟೂ ಹೊತ್ತು ಉಳಿದವರು ಕಾಯಬೇಕು. ಅತ್ತೆ ಟೀವಿ ಹಾಕದ ದಿನವೂ ಸೊಸೆಯ ಮೀಟಿಂಗ್ ನಿಂತದ್ದು ಇಂಥದ್ದೇ ಯಾವುದೋ ತೊದಲಿನಿಂದ ಇರಬಹುದು. ಹೊಸ ರೂಟರ್‌ನ 5 ಗಿಗಾಹರ್ಟ್ಸ್‌ಗೆ ಲ್ಯಾಪ್‌ಟಾಪ್ ಹೋದರೆ ಈ ಸಾಲಿನಿಂದಲೇ ಹೊರಬಂದಂತೆ. ಅದು ಹಿಂದಿನ ಕೋಣೆಗೆ, ಕೊಟ್ಟಿಗೆಗೆ ತಲುಪದಿದ್ದರೆ ರೂಟರ್‌ನ 2.4ನ್ನೂ ಚಾಲೂ ಇಡಿ, ಆದರೆ ಮೋಡೆಮ್ 1ನೇ ಚಾನೆಲ್‌ನಲ್ಲಿದ್ದರೆ ರೂಟರ್ 6ರಲ್ಲೋ 11ರಲ್ಲೋ ಇರಲಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ನಮಗೆ ಸಿಗುವುದು ಈ ಮೂರೇ. ಅಗಲ 20 ಮೆಗಾಹರ್ಟ್ಸ್‌ಗೆ ನಿಲ್ಲಿಸಿ. ಬಲ್ಬುಗಳಿರುವ ಜಾಲದಲ್ಲಿ ಭದ್ರತೆಯ ಆಯ್ಕೆ `WPA2-PSK` ಇರಲಿ, ಹಳೇ ಸಾಮಾನುಗಳಿಗೆ `WPA3` ಅರ್ಥವಾಗದೆ ಸೇರುವುದೇ ಇಲ್ಲ.

ಗಾಳಿಯ ಹೊರೆ ಒಂದಾದರೆ ಫೈಬರ್‌ನ ಹೊರೆ ಇನ್ನೊಂದು, ಅದಕ್ಕೆ ಗೋಡೆ ಲೆಕ್ಕಕ್ಕಿಲ್ಲ. ಎಲ್ಲ ಜಾಲಗಳೂ ಕೊನೆಗೆ ಅದೇ ದಾರದಲ್ಲಿ ಹೋಗಬೇಕು. ಡಿವಿಆರ್ ತನ್ನ ಡಿಸ್ಕಿನಲ್ಲೇ ಬರೆದುಕೊಳ್ಳುವುದರಿಂದ ಯಾರಾದರೂ ಮೊಬೈಲಿನಲ್ಲಿ ನೋಡುವಾಗ ಮಾತ್ರ ಭಾರ. ಆದರೆ ಇಡೀ ದಿನ ಕ್ಲೌಡ್‌ಗೆ ಕಳಿಸುವ ವೈಫೈ ಕ್ಯಾಮೆರಾ ಒಂದು 2 ಎಂಬಿಪಿಎಸ್‌ನಂತೆ ಲೆಕ್ಕ ಹಾಕಿದರೆ ದಿನಕ್ಕೆ 21.6 ಜಿಬಿ, ತಿಂಗಳಿಗೆ 650ರ ಹತ್ತಿರ. ಅಂಥ ನಾಲ್ಕಿದ್ದರೆ 2,600 ಜಿಬಿ. ಅನ್‌ಲಿಮಿಟೆಡ್ ಎನ್ನುವ ಎಷ್ಟೋ ಪ್ಲಾನ್‌ಗಳು 3,300 ಜಿಬಿ ದಾಟಿದ ಮೇಲೆ ವೇಗ ಇಳಿಸುತ್ತವೆ. ಚಲನೆ ಕಂಡಾಗ ಮಾತ್ರ ಕಳಿಸುವಂತೆ ಕ್ಯಾಮೆರಾವನ್ನು ಸೆಟ್ ಮಾಡುವುದು ಇಲ್ಲಿ ಯಾವ ರೂಟರ್‌ಗಿಂತಲೂ ದೊಡ್ಡ ಉಪಾಯ. ಕೊಟ್ಟಿಗೆಯ ಕ್ಯಾಮೆರಾಗೆ ಈ ಉಪಾಯವೂ ಅಷ್ಟಕ್ಕಷ್ಟೇ, ಹಸುವಿನ ಬಾಲ ಇಪ್ಪತ್ನಾಲ್ಕು ಗಂಟೆಯೂ ಚಲಿಸುತ್ತಲೇ ಇರುತ್ತದೆ. ನೆಂಟರ ಜಾಲಕ್ಕೆ 10 ಎಂಬಿಪಿಎಸ್ ಮಿತಿ ಹಾಕುವ ಆಯ್ಕೆ ರೂಟರ್‌ನಲ್ಲಿದ್ದರೆ ಹಾಕಿ, ಮಕ್ಕಳ ವಿಡಿಯೊಗೆ ಅಷ್ಟು ಧಾರಾಳ ಸಾಕು.

ಈ ಏರ್ಪಾಡಿನಿಂದ ಬರುವ ಕಿರಿಕಿರಿಯನ್ನೂ ಹೇಳದೆ ಬಿಟ್ಟರೆ ಎರಡನೇ ದಿನವೇ ಯಾರೋ ವೈರು ಕಿತ್ತು ಮೊದಲಿನಂತೆ ಮಾಡಿಬಿಡುತ್ತಾರೆ. ಮೊಬೈಲಿನಲ್ಲಿರುವ ಮದುವೆ ಫೋಟೊವನ್ನು ಟೀವಿಗೆ ಹಾಕಲು ಹೋದರೆ ಟೀವಿ ಪಟ್ಟಿಯಲ್ಲೇ ಕಾಣುವುದಿಲ್ಲ. 'ಇಲ್ಲಿ ಟೀವಿ ಇದೆಯೇ' ಎಂದು ಮೊಬೈಲು ಹಾಕುವ ಕೂಗು ತನ್ನ ಜಾಲದೊಳಗೆ ಮಾತ್ರ ಕೇಳುತ್ತದೆ. ಆ ಹೊತ್ತಿಗೆ ಮೊಬೈಲನ್ನು ಹಳೇ ವೈಫೈಗೆ ಸೇರಿಸಿ, ನೋಡಿ, ವಾಪಸ್ ಬರಬೇಕು. ಹೊಸ ಬಲ್ಬ್ ತಂದಾಗಲೂ ಮೊದಲ ಸಲ ಸೆಟ್ ಮಾಡುವಾಗ ಮೊಬೈಲು ಹಳೇ ಹೆಸರಿನ 2.4ರಲ್ಲೇ ಇರಬೇಕು. ಆಮೇಲೆ ಕ್ಲೌಡ್ ಮೂಲಕ ಎಲ್ಲಿಂದಲಾದರೂ ನಡೆಯುತ್ತದೆ. ಪ್ರಿಂಟರನ್ನು ಮನೆಯವರ ಕಡೆ ಇಟ್ಟದ್ದು ಶುದ್ಧ ನಿಯಮದ ಪ್ರಕಾರ ಸರಿಯಲ್ಲ, ಅದೂ ಒಂದು ಸಾಮಾನೇ. ಆದರೆ ಮಗುವಿನ ಪ್ರಾಜೆಕ್ಟ್ ರಾತ್ರಿ ಒಂಬತ್ತಕ್ಕೆ ಪ್ರಿಂಟ್ ಆಗದಿದ್ದರೆ ಆಗುವ ರಾದ್ಧಾಂತಕ್ಕಿಂತ ಈ ರಾಜಿ ವಾಸಿ.

ಇನ್ನೊಂದು ಮಿತಿ ಇದೆ. ಮನೆಯವರ ಎಲ್ಲ ಸಂಚಾರವೂ ಮೋಡೆಮ್ ಮೂಲಕವೇ ಹೋಗುವುದರಿಂದ, 2017ರಲ್ಲಿ ಆದಂತೆ ಮೋಡೆಮೇ ಪರರ ಕೈಗೆ ಸಿಕ್ಕರೆ ಒಳಗಿನ ಗೋಡೆ ಪೂರ್ತಿ ಕಾಯುವುದಿಲ್ಲ. ಬ್ಯಾಂಕಿನ ತಾಣ, ಆಫೀಸ್‌ನ ವಿಪಿಎನ್ ಗುಪ್ತಲಿಪಿಯಲ್ಲಿ ಇರುವುದರಿಂದ ಓದಲಾರರು, ಆದರೆ ಹೆಸರು ಕೇಳಿದಾಗ ತಪ್ಪು ವಿಳಾಸ ಕೊಟ್ಟು ದಾರಿ ತಪ್ಪಿಸಬಹುದು. ಅದಕ್ಕೆ ಹೊಸ ರೂಟರ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು ಮೋಡೆಮ್‌ನಿಂದ ತೆಗೆದುಕೊಳ್ಳದೆ `1.1.1.1` ಅಥವಾ `8.8.8.8` ಎಂದು ಕೈಯಾರೆ ಬರೆಯುವುದು ಒಳಿತು. ಇದರಿಂದ ಕಷ್ಟ ಹೆಚ್ಚುತ್ತದೆಯೇ ಹೊರತು ದಾರಿ ಪೂರ್ತಿ ಮುಚ್ಚುವುದಿಲ್ಲ. ರೂಟರ್‌ನ `IPv6` ಪುಟದಲ್ಲಿ `Pass-through` ಎಂಬುದು ಚಾಲೂ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಇಷ್ಟೆಲ್ಲ ಕಟ್ಟಿದ ಗೋಡೆಯನ್ನು ಸುತ್ತಿಹೋಗುವ ದಾರಿಯೊಂದು ಉಳಿಯುತ್ತದೆ.

ಕರೆಂಟಿನ ವಿಷಯ ಹೊಸಕೋಟೆ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಈಗ ಡಬ್ಬಿ ಎರಡಾದ್ದರಿಂದ ಯುಪಿಎಸ್ ಕೂಡ ಎರಡಕ್ಕೂ ಸಾಲಬೇಕು. ಸಣ್ಣ ರೂಟರ್ ಯುಪಿಎಸ್ ಕೊಳ್ಳುವಾಗ ಎರಡೂ ಅಡಾಪ್ಟರ್‌ಗಳ ಮೇಲಿನ ಅಂಕಿ ನೋಡಿ. ಮೋಡೆಮ್ 12 ವೋಲ್ಟ್, ರೂಟರ್ 9 ವೋಲ್ಟ್ ಇರುವುದುಂಟು, ಪಿನ್ನು ಮಾತ್ರ ಒಂದೇ ಥರ ಹೊಂದಿಕೊಳ್ಳುತ್ತದೆ. ಅದಲುಬದಲಾದರೆ ಹೊಸ ರೂಟರ್ ಅಲ್ಲಿಗೇ ಮುಗಿಯಿತು. ಕರೆಂಟ್ ಹೋಗಿ ಬಂದ ಮೇಲೆ ಹೊಸ ವೈಫೈನಲ್ಲಿ ಮಾತ್ರ ಇಂಟರ್ನೆಟ್ ಇಲ್ಲದಿದ್ದರೆ, ರೂಟರ್ ಮೋಡೆಮ್‌ಗಿಂತ ಮೊದಲೇ ಎದ್ದು ವಿಳಾಸ ಸಿಗದೆ ಕೂತಿದೆ ಎಂದುಕೊಂಡು ಅದನ್ನೊಂದೇ ಆಫ್ ಮಾಡಿ ಆನ್ ಮಾಡಿ.

ಇನ್ನು ಕೇಬಲ್‌ನ ಹುಡುಗ ಮೋಡೆಮ್ ಕೆಟ್ಟಿದೆ ಎಂದು ಬದಲಿಸಿ ಹೋಗುವ ದಿನ. ಹೊಸ ಮೋಡೆಮ್ ಕಾರ್ಖಾನೆಯ ಪಾಸ್‌ವರ್ಡ್, `UPnP` ಆನ್, ಗೊತ್ತಿಲ್ಲದ ವೈಫೈ ಹೆಸರಿನೊಂದಿಗೆ ಬರುತ್ತದೆ. ಮೊದಲಿನ ಹೆಸರು, ಪಾಸ್‌ವರ್ಡ್, ಭದ್ರತೆಯ ಆಯ್ಕೆ ಮೂರನ್ನೂ ಅಕ್ಷರ ತಪ್ಪದಂತೆ ಅದರಲ್ಲಿ ಬರೆದರೆ ಬಲ್ಬುಗಳಿಗೆ ಬದಲಾವಣೆಯೇ ಗೊತ್ತಾಗುವುದಿಲ್ಲ. ಆದ್ದರಿಂದ ಈ ಮೂರನ್ನೂ, ಡಿವಿಆರ್‌ನ ವಿಳಾಸವನ್ನೂ ಒಂದು ಚೀಟಿಯಲ್ಲಿ ಬರೆದು ಗ್ಯಾಸ್ ಪುಸ್ತಕ ಇಡುವ ಕಡೆ ಇಟ್ಟಿರಬೇಕು, ಹುಡುಗ ಏಣಿ ಇಳಿಯುವ ಮೊದಲೇ ಆ ಎರಡು ಪಿಂಗ್ ಹೊಡೆದು ನೋಡಬೇಕು.